ಪರಿಹಾರ ಬೋಧನೆ: ಮಕ್ಕಳು ನಿಜವಾಗ್ಲೂ ಓದು ಕಲಿತರಾ? ಅಳೆಯೋದು ಹೀಗೆ

ಬಾಣಾವರ: ಓದಲು ತಡವರಿಸುವ ಮಕ್ಕಳಿಗೆ ಒಂದೆರಡು ತಿಂಗಳ ಪರಿಹಾರ ಬೋಧನೆ ನಡೆಸುವುದು ಸರ್ಕಾರಿ ಶಾಲೆಗಳಲ್ಲಿ ಹೊಸದೇನಲ್ಲ. 4 ಮತ್ತು 5ನೇ ತರಗತಿಗೆ ಶಿಕ್ಷಣ ಇಲಾಖೆ ಪ್ರಥಮ್ ಸಂಸ್ಥೆ ಜತೆ ನಡೆಸಿದ 'ಓದು ಕರ್ನಾಟಕ' ಇದಕ್ಕೆ ಉದಾಹರಣೆ. ಆದರೆ ಕೊನೆಯಲ್ಲಿ 'ಮಕ್ಕಳು ಸುಧಾರಿಸಿದ್ದಾರೆ' ಅಂತ ಬರೆಯುವ ಮೊದಲು, ಪೂರ್ವ ಪರೀಕ್ಷೆ ಮತ್ತು ಸಾಫಲ್ಯ ಪರೀಕ್ಷೆ ಎರಡೂ ಸರಿಯಾಗಿ ನಡೆದಿರಬೇಕು.

ಪ್ರಥಮ್‌ನ 'ಅಸರ್' ಸಮೀಕ್ಷೆಯ ವಿಧಾನ ಸರಳ. ಒಬ್ಬೊಬ್ಬ ಮಗುವನ್ನೇ ಕೂರಿಸಿ ಮೊದಲು ಸಣ್ಣ ಪ್ಯಾರಾ ಓದಿಸುತ್ತಾರೆ. ಸರಾಗವಾಗಿ ಓದಿದರೆ ಕಥೆ ಕೊಡುತ್ತಾರೆ, ತಡವರಿಸಿದರೆ ಪದಗಳಿಗೆ, ಅದೂ ಬಾರದಿದ್ದರೆ ಅಕ್ಷರಕ್ಕೆ ಇಳಿಯುತ್ತಾರೆ. ಐದು ಪದ ಅಥವಾ ಅಕ್ಷರದಲ್ಲಿ ನಾಲ್ಕು ಸರಿಯಾದರೆ ಆ ಹಂತ ದಾಟಿದಂತೆ. ಇದಕ್ಕೆ ಅಂಕ ಕೊಡುವುದಾದರೆ ಅಕ್ಷರವೂ ಬಾರದವರಿಗೆ 0, ಅಕ್ಷರಕ್ಕೆ 1, ಪದಕ್ಕೆ 2, ಪ್ಯಾರಾಕ್ಕೆ 3, ಕಥೆಗೆ 4.

ಯಾವುದು ತಪ್ಪು ಅನ್ನೋದು ಮೊದಲೇ ತೀರ್ಮಾನವಾಗಿ ಹಾಳೆ ಮೇಲೆ ಇರಬೇಕು. 'ಹಾಲು' ಅನ್ನುವುದನ್ನು ಮಗು 'ಆಲು' ಅಂದರೆ ಅದು ಮನೆಮಾತು, ಓದಿನ ತಪ್ಪಲ್ಲ. 'ಕಲ್ಲು' ಅನ್ನುವುದನ್ನು 'ಕಲು' ಅಂದರೆ ಒತ್ತಕ್ಷರ ಬಂದಿಲ್ಲ ಅಂತ ಅರ್ಥ. ತಾನೇ ತಿದ್ದಿಕೊಂಡರೆ ಸರಿ ಅಂತಲೇ ಎಣಿಸಬೇಕು. ಪೂರ್ವ ಪರೀಕ್ಷೆಯಲ್ಲಿ ಬಿಗಿ, ಕೊನೆಯಲ್ಲಿ ಸಡಿಲ ಮಾಡಿದರೆ ಕಲಿಯದೇ ಅಂಕ ಏರುತ್ತದೆ.

ಅದೇ ಪ್ಯಾರಾವನ್ನು ಎರಡು ಸಲ ಕೊಡಬಾರದು, ಮಕ್ಕಳು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಎ ಮತ್ತು ಬಿ ಅಂತ ಎರಡು ಹಾಳೆ ಮಾಡಿ, ಅರ್ಧ ಮಕ್ಕಳಿಗೆ ಮೊದಲು ಎ, ಆಮೇಲೆ ಬಿ ಕೊಡಿ. ಉಳಿದವರಿಗೆ ತಿರುವುಮುರುವು. ಆಗ ಒಂದು ಹಾಳೆ ಸುಲಭವಾಗಿದ್ದರೂ ಗುಂಪಿನ ಲೆಕ್ಕ ಕೆಡುವುದಿಲ್ಲ.

ಹೆಚ್ಚು ಜನ ಎಡವುವುದು ಗೈರುಹಾಜರಿಯಲ್ಲಿ. 20 ಮಕ್ಕಳಿರುವ ಒಂದು ತರಗತಿ ಅಂದುಕೊಳ್ಳಿ. ಪೂರ್ವ ಪರೀಕ್ಷೆಯಲ್ಲಿ 4 ಮಕ್ಕಳಿಗೆ 0, 6 ಮಕ್ಕಳಿಗೆ 1, ಐವರಿಗೆ 2, ಮೂವರಿಗೆ 3, ಇಬ್ಬರಿಗೆ 4. ಒಟ್ಟು 33 ಅಂಕ, ಸರಾಸರಿ 1.65. ಕೊನೆ ದಿನ 0 ಬಂದಿದ್ದ ಮೂವರು ಶಾಲೆಗೆ ಬರಲಿಲ್ಲ. ಉಳಿದ 17 ಮಕ್ಕಳು ಒಂದಕ್ಷರವೂ ಹೊಸದು ಕಲಿಯದೆ ಅದೇ 33 ಅಂಕ ತೆಗೆದರೂ ಸರಾಸರಿ 1.94 ಆಗುತ್ತದೆ! ಅದಕ್ಕೇ ಎರಡೂ ಪರೀಕ್ಷೆ ಬರೆಸಿಕೊಂಡ ಮಕ್ಕಳನ್ನಷ್ಟೇ ಹೆಸರು ಹಿಡಿದು ಹೋಲಿಸಬೇಕು. ತಪ್ಪಿಸಿಕೊಂಡವರನ್ನು ಇನ್ನೊಂದು ದಿನ ಕೂರಿಸಬೇಕು, ಆಗದಿದ್ದರೆ ಎಷ್ಟು ಜನ ಬಿಟ್ಟುಹೋದರು ಅಂತ ವರದಿಯಲ್ಲಿ ಬರೆಯಬೇಕು.

ಸರಾಸರಿಯ ಜತೆಗೆ ಎಷ್ಟು ಮಕ್ಕಳು ಒಂದಾದರೂ ಹಂತ ಏರಿದರು, ಎಷ್ಟು ಜನ ಅಲ್ಲೇ ಉಳಿದರು ಅನ್ನೋದನ್ನೂ ತೋರಿಸಬೇಕು. ಮುಂದಿನ ಪಾಠ ಬೇಕಿರುವುದು ಅಲ್ಲೇ ಉಳಿದವರಿಗೆ.

ಇಷ್ಟಾದರೂ ಏರಿಕೆಯೆಲ್ಲ ಈ ತರಗತಿಯಿಂದಲೇ ಅನ್ನುವಂತಿಲ್ಲ, ಮಾಮೂಲಿ ಪಾಠದಿಂದಲೂ ಮಕ್ಕಳು ಕಲಿಯುತ್ತಾರೆ. ಎರಡನೇ ತಂಡದಲ್ಲಿ ಸೇರಬೇಕಾದ ಮಕ್ಕಳಿಗೂ ಅದೇ ದಿನಗಳಲ್ಲಿ ಎರಡೂ ಪರೀಕ್ಷೆ ಮಾಡಿದರೆ, ಇಬ್ಬರ ಏರಿಕೆಯ ವ್ಯತ್ಯಾಸವೇ ಕಾರ್ಯಕ್ರಮದ ಫಲಕ್ಕೆ ಹತ್ತಿರದ ಲೆಕ್ಕ.