ಮಳೆ ಬಂದದ್ದು ಗಡುವು ಮುಗಿದ ಮೇಲೆ

‘ಅಕಾಲಿಕ ಮಳೆಯಿಂದಾಗಿ ಕೆಲಸ ಸ್ವಲ್ಪ ವಿಳಂಬವಾಗಿದ್ದು, ಸದ್ಯದಲ್ಲೇ ಪೂರ್ಣಗೊಳ್ಳಲಿದೆ.’ ಅನುದಾನ ಪಡೆದ ಸಂಸ್ಥೆಗಳ ಪ್ರಗತಿ ವರದಿಗಳಲ್ಲಿ ಇಂಥ ವಾಕ್ಯ ಮತ್ತೆ ಮತ್ತೆ ಸಿಗುತ್ತದೆ. ಬರೆದವರು ಸುಳ್ಳು ಹೇಳಬೇಕೆಂದು ಹೊರಟವರಲ್ಲ. ಮಳೆ ಬಂದದ್ದು ನಿಜ, ಕೆಲಸ ನಿಂತದ್ದೂ ನಿಜ. ಆದರೆ ಒಂದು ನಿಜ ಇನ್ನೊಂದಕ್ಕೆ ಕಾರಣವೇ ಎಂದು ತಾರೀಖು ಹಿಡಿದು ನೋಡಿದರೆ ಕಥೆ ಬೇರೆಯೇ ಆಗಬಹುದು.

ವಿವರಣೆಗೆಂದು ಬಯಲುಸೀಮೆಯ ಒಂದು ಚಿಕ್ಕ ಕೆರೆಯ ಲೆಕ್ಕ ತೆಗೆದುಕೊಳ್ಳೋಣ. ಗ್ರಾಮ ಪಂಚಾಯಿತಿಯ ಕೆರೆ, ಹಣ ಒಂದು ಕಂಪನಿಯ ಸಿಎಸ್‌ಆರ್ ನಿಧಿಯದು. ಕೆಲಸ ಮಾಡುವುದು ಊರಿನ ಪಕ್ಕದ ಸ್ವಯಂಸೇವಾ ಸಂಸ್ಥೆ. ಒಪ್ಪಂದದಲ್ಲಿ ಎರಡು ಗುರಿಗಳಿದ್ದವು: ಏಪ್ರಿಲ್ 30ರೊಳಗೆ 12,000 ಘನ ಮೀಟರ್ ಹೂಳು ತೆಗೆಯುವುದು, ಜೂನ್ 30ರೊಳಗೆ ತೂಬು ಮತ್ತು ಕೋಡಿಯನ್ನು ದುರಸ್ತಿ ಮಾಡುವುದು. ಎರಡೂ ತಪ್ಪಿದವು. ಅಕ್ಟೋಬರಿನಲ್ಲಿ ವರದಿ ಕೊಡಬೇಕಾಗಿತ್ತು.

ಮೊದಲ ಕರಡು ಮಳೆಯನ್ನು ದೂರಿತ್ತು. ಸಂಸ್ಥೆಯ ಕಾರ್ಯದರ್ಶಿ ಟ್ರ್ಯಾಕ್ಟರ್ ಲೋಡುಗಳ ಪುಸ್ತಕ ತರಿಸಿ ತಾರೀಖುಗಳನ್ನು ಒಂದರ ಕೆಳಗೊಂದು ಬರೆದರು. ಫೆಬ್ರವರಿ 1ಕ್ಕೆ ಶುರುವಾಗಬೇಕಿದ್ದ ಕೆಲಸಕ್ಕೆ ಪಂಚಾಯಿತಿಗೆ ಅರ್ಜಿ ಕೊಟ್ಟದ್ದೇ ಫೆಬ್ರವರಿ 12ರಂದು. ಅನುಮತಿ ಸಿಕ್ಕಿದ್ದು ಮಾರ್ಚ್ 18ಕ್ಕೆ. ಹಿಟಾಚಿ ಕೆರೆಗೆ ಇಳಿದದ್ದು ಮಾರ್ಚ್ 20ರಂದು. ಮಳೆ ಸುರಿದದ್ದು ಮೇ 9ರಂದು, ಅಂದರೆ ಗಡುವು ಮುಗಿದು ಒಂಬತ್ತು ದಿನ ಕಳೆದ ಮೇಲೆ. ಮಳೆ ಉಳಿದ ಕೆಲಸವನ್ನು ನಿಲ್ಲಿಸಿತು, ಗಡುವನ್ನು ತಪ್ಪಿಸಿದ್ದು ಮಾತ್ರ ತಡವಾಗಿ ಹೋದ ಅರ್ಜಿ.

ಇದನ್ನು ಬರೆಯುವುದೇ ಕಷ್ಟದ ಭಾಗ. ತಿದ್ದಿದ ವರದಿಯಲ್ಲಿ ಹೀಗಿದೆ: ‘ಅನುಮತಿಯ ಅರ್ಜಿಯನ್ನು ನಾವು ಕೆಲಸ ಶುರುವಾಗಬೇಕಾದ ದಿನ ಕಳೆದ ಮೇಲೆ ಸಲ್ಲಿಸಿದೆವು. ಇದು ನಮ್ಮ ತಪ್ಪು. ಅದರಿಂದ 47 ದಿನ ಕೈತಪ್ಪಿದವು.’ ಕ್ಷಮೆಯ ಉದ್ದನೆಯ ಪ್ಯಾರಾ ಇಲ್ಲ, ಪಂಚಾಯಿತಿಯ ಮೇಲೆ ದೂರೂ ಇಲ್ಲ.

ಆಮೇಲೆ ಆದ ಕೆಲಸದ ಲೆಕ್ಕ. ಒಂದು ಲೋಡಿಗೆ ಸುಮಾರು 3 ಘನ ಮೀಟರ್, ದಿನಕ್ಕೆ 60 ಲೋಡು, ಅಂದರೆ 180 ಘನ ಮೀಟರ್. 41 ದಿನ ಕೆಲಸ ನಡೆದಿದ್ದರಿಂದ ತೆಗೆದ ಹೂಳು 7,380 ಘನ ಮೀಟರ್. ಹೂಳಿಗೆಂದು ಇಟ್ಟಿದ್ದ 14 ಲಕ್ಷದಲ್ಲಿ ಖರ್ಚಾದದ್ದು 8.6 ಲಕ್ಷ. ಕೆಲಸವೂ ಹಣವೂ ಶೇ 61ರ ಆಸುಪಾಸಿನಲ್ಲೇ ಇವೆ. ವರದಿ ಓದುವ ಅನುಭವಿಗಳು ಮೊದಲು ಹೋಲಿಸುವುದು ಈ ಎರಡು ಅಂಕಿಗಳನ್ನೇ. ಕೆಲಸ ಶೇ 61, ಖರ್ಚು ಶೇ 90 ಎಂದಿದ್ದರೆ ಉಳಿದ ಹೂಳಿಗೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನೂ ಅದೇ ಪುಟದಲ್ಲಿ ಹೇಳಬೇಕಾಗುತ್ತಿತ್ತು.

ಹೊಸ ಗಡುವು ಹುಟ್ಟುವುದೂ ಇದೇ ಪುಸ್ತಕದಿಂದ. ಉಳಿದ 4,620 ಘನ ಮೀಟರಿಗೆ ಅದೇ ವೇಗದಲ್ಲಿ 26 ದಿನ ಬೇಕು. ಆದರೆ ಆ 26 ದಿನ ಯಾವಾಗ? ಅಕ್ಟೋಬರಿನಲ್ಲಿ ಕೆರೆಯಲ್ಲಿ ನೀರಿದೆ, ಹಸಿ ಹೂಳಿನಲ್ಲಿ ಟ್ರ್ಯಾಕ್ಟರಿನ ಚಕ್ರ ಹೂತುಹೋಗುತ್ತದೆ. ಊರಿನ ನೀರುಗಂಟಿಯನ್ನು ಕೇಳಿದರೆ, ಅಂಗಳ ಒಣಗುವುದು ಫೆಬ್ರವರಿ ಮೂರನೇ ವಾರಕ್ಕೆ ಎನ್ನುತ್ತಾರೆ. ಆದ್ದರಿಂದ ಫೆಬ್ರವರಿ 20ಕ್ಕೆ ಆರಂಭ, ವಾರದ ರಜೆ ಮತ್ತು ಯಂತ್ರ ಕೆಡುವ ದಿನಗಳನ್ನೂ ಸೇರಿಸಿ ಮಾರ್ಚ್ 31ಕ್ಕೆ ಮುಕ್ತಾಯ. ‘ಡಿಸೆಂಬರಿನೊಳಗೆ’ ಎಂದು ಬರೆದಿದ್ದರೆ ದಾನಿಗಳಿಗೆ ಹಿತವಾಗುತ್ತಿತ್ತು, ಆದರೆ ಅದೇ ಗುರಿ ಎರಡನೇ ಬಾರಿ ತಪ್ಪುತ್ತಿತ್ತು.

ಎರಡನೇ ಗುರಿಯನ್ನು ಒಡೆಯಬೇಕಾಯಿತು. ಕೋಡಿ ಕೆರೆಯ ಅಂಚಿನಲ್ಲಿದೆ. ನೀರು ಕೋಡಿ ಹರಿಯದಿದ್ದರೆ ಸಾಕು, ಕಲ್ಲುಕಟ್ಟಡದ ಕೆಲಸ ಮಾಡಬಹುದು. ಅದಕ್ಕೆ ಜನವರಿ 20. ತೂಬಿನ ಮುಂದಿನ ಹೂಳು ತೆಗೆಯದೆ ತೂಬು ಮುಟ್ಟುವಂತಿಲ್ಲ, ಅದಕ್ಕೆ ಏಪ್ರಿಲ್ 25. ಕೋಷ್ಟಕದಲ್ಲಿ ಹಳೆಯ ತಾರೀಖನ್ನು ಅಳಿಸದೆ ಪಕ್ಕದಲ್ಲೇ ಹೊಸದನ್ನು ಬರೆದರು. ಹಳೆಯದು ಮಾಯವಾದ ಕೋಷ್ಟಕದಲ್ಲಿ ಎಲ್ಲವೂ ಸಕಾಲಕ್ಕೆ ನಡೆದಂತೆ ಕಾಣುತ್ತದೆ.

ಯೋಜನೆಯ ಅವಧಿ ಮಾರ್ಚ್ 31ಕ್ಕೆ ಮುಗಿಯುವುದರಿಂದ, ಹೆಚ್ಚುವರಿ ಹಣ ಕೇಳದೆ ಮೇ 31ರವರೆಗೆ ಅವಧಿ ವಿಸ್ತರಣೆ ಕೋರಲಾಯಿತು. ಇದನ್ನು ಮಾರ್ಚಿನಲ್ಲಿ ಕೇಳುವುದಕ್ಕೂ ಅಕ್ಟೋಬರಿನಲ್ಲೇ ಕೇಳುವುದಕ್ಕೂ ಅಜಗಜಾಂತರ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ಮುಂದುವರಿಯುತ್ತಿರುವ ಯೋಜನೆಯ ಖರ್ಚಾಗದ ಸಿಎಸ್‌ಆರ್ ಹಣವನ್ನು ಕಂಪನಿ ಹಣಕಾಸು ವರ್ಷ ಮುಗಿದ 30 ದಿನಗಳೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿ, ಮುಂದಿನ ಮೂರು ಹಣಕಾಸು ವರ್ಷಗಳಲ್ಲಿ ಬಳಸಬೇಕು. ಸಂಸ್ಥೆಗೆ ಹಣ ಕೊಟ್ಟ ಮಾತ್ರಕ್ಕೆ ಅದು ಖರ್ಚಾಯಿತೆಂದು ಲೆಕ್ಕವಿಲ್ಲ. ಹಾಗಾಗಿ ಕೆರೆಯ ದಡದಲ್ಲಿ ಉಳಿದ 5.4 ಲಕ್ಷ ರೂಪಾಯಿ ಕಂಪನಿಯ ಲೆಕ್ಕಪತ್ರದಲ್ಲೂ ಉಳಿಕೆಯೇ. ಅದು ಅವರಿಗೆ ಮೊದಲೇ ಗೊತ್ತಾಗಬೇಕು.

ವರದಿಯ ಕೊನೆಯಲ್ಲಿ ಇನ್ನೊಂದು ಸಾಲು ಸೇರಿತು: ಉಳಿದ ಹೂಳಿಗೆ ಬೇಕಾದ ಪಂಚಾಯಿತಿ ಅನುಮತಿಯ ಅರ್ಜಿ ನವೆಂಬರ್ 10ರೊಳಗೆ ಹೋಗುತ್ತದೆ, ಸ್ವೀಕೃತಿಯ ಪ್ರತಿ ಅದೇ ವಾರ ಕಂಪನಿಗೆ ತಲುಪುತ್ತದೆ, ಫೆಬ್ರವರಿ 15ಕ್ಕೂ ತೂಬಿನ ಮಟ್ಟದಲ್ಲಿ ನೀರು ನಿಂತಿದ್ದರೆ ಅಂದೇ ಫೋಟೊ ಸಮೇತ ತಿಳಿಸಲಾಗುತ್ತದೆ.