ಎಲೆ ಲೆಕ್ಕ ಯಾರದು?

ಮದುವೆ ಊಟಕ್ಕೆ 500 ಎಲೆ, ಎಲೆಗೆ 300 ರೂಪಾಯಿ ಎಂದು ಮಾತಾಗಿತ್ತು ಎನ್ನಿ. ಕೊನೆಗೆ ಬಂದ ಬಿಲ್ಲು 590 ಎಲೆಯದು; ಅಂದರೆ 27,000 ಹೆಚ್ಚು. ನೆಂಟರು ಹೆಚ್ಚು ಬಂದದ್ದು ನಿಜವಾದರೆ ಕೊಡಬೇಕಾದದ್ದೇ. ಆದರೆ ಅಡುಗೆಯವರು ಎಣಿಸುವುದು ಸಾಮಾನ್ಯವಾಗಿ ಖರ್ಚಾದ ಎಲೆಯನ್ನು, ಉಂಡವರನ್ನಲ್ಲ. ಹರಿದ ಎಲೆ, ಬಡಿಸುವವರ ಊಟವೂ ಅದರಲ್ಲಿ ಸೇರಿಬಿಡುತ್ತದೆ. ಅಂಥವು 35 ಇದ್ದರೆ 10,500 ರೂಪಾಯಿ ಕಳೆಯಲು ಕೇಳಬಹುದು, ಕರಾರಿನಲ್ಲಿ ಹಾಗೆ ಬರೆದಿದ್ದರೆ ಮಾತ್ರ.

ಆದ್ದರಿಂದ ಮುಂಗಡ ಕೊಡುವ ಮೊದಲೇ ಕರಾರು ಓದಿ. ಹೆಚ್ಚುವರಿ ಎಲೆಗೆ ಅದೇ ದರವೇ? 500ಕ್ಕಿಂತ ಕಡಿಮೆ ಜನ ಬಂದರೂ ಪೂರ್ತಿ ಹಣ ಕೊಡಬೇಕೇ? ಬಹುಪಾಲು ಕರಾರುಗಳಲ್ಲಿ ಕೊಡಲೇಬೇಕು, ಸಾಮಾನು ಮೊದಲೇ ಬಂದಿರುತ್ತದೆ. ಮದುವೆ ದಿನ ಮನೆಯವರೊಬ್ಬರು ಪ್ರತಿ ಪಂಕ್ತಿ ಎದ್ದ ಕೂಡಲೇ ಎಣಿಸಿ, ಮೇಸ್ತ್ರಿಯ ಸಹಿ ಹಾಕಿಸಿಕೊಳ್ಳಲಿ.