ಫೋಟೋ ಹಾಕಿದರೆ ಅದೇ ತಿಂಡಿಯ ಚಿತ್ರ ಬರುತ್ತದೆಯೇ? ಮೆನು ಕಾರ್ಡಿನ ಬೆಣ್ಣೆ ದೋಸೆಗೆ ಸಾಂಬಾರ್ ಸೇರಿಕೊಂಡ ಕಥೆ

"ನಿಮ್ಮ ಹೋಟೆಲ್ ತಿಂಡಿಯ ಫೋಟೋ ಹಾಕಿ, ಒಂದೇ ನಿಮಿಷದಲ್ಲಿ ಕೈಯಲ್ಲಿ ಬಿಡಿಸಿದಂಥ ಮೆನು ಚಿತ್ರ ಪಡೆಯಿರಿ. ತಿಂಡಿ ಹಾಗೇ ಇರುತ್ತದೆ, ಸ್ಟೈಲ್ ಮಾತ್ರ ಬದಲಾಗುತ್ತದೆ." ಇಂಥ ಮೆಸೇಜ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಇದರ ಮೊದಲ ವಾಕ್ಯ ನಿಜ, ಎರಡನೆಯದು ಅರ್ಧ ಮಾತ್ರ ನಿಜ. ಎಐ ಆ್ಯಪ್ ಫೋಟೋಗೆ ಬಣ್ಣ ಬಳಿಯುವುದಿಲ್ಲ. ಫೋಟೋ ನೋಡಿಕೊಂಡು ಇಡೀ ಚಿತ್ರವನ್ನು ಹೊಸದಾಗಿ ಬಿಡಿಸುತ್ತದೆ. ಹಾಗೆ ಬಿಡಿಸುವಾಗ ತಟ್ಟೆಯಲ್ಲಿ ಇಲ್ಲದ್ದು ಬಂದು ಕೂರಬಹುದು, ಇದ್ದದ್ದು ಕಾಣೆಯಾಗಬಹುದು.

ಒಂದು ತಟ್ಟೆ ಬೆಣ್ಣೆ ದೋಸೆಗೆ ಏನಾಯಿತು?

ಪರಿಚಯದ ಹೋಟೆಲ್ ಮಾಲೀಕರೊಬ್ಬರು ಹೊಸ ಮೆನು ಕಾರ್ಡಿಗಾಗಿ ದಾವಣಗೆರೆ ಬೆಣ್ಣೆ ದೋಸೆಯ ಫೋಟೋ ತೆಗೆದು, ಅದನ್ನು ಜಲವರ್ಣದ ಚಿತ್ರ ಮಾಡಿಸಿದರು. ಫೋಟೋದಲ್ಲಿ ಇದ್ದದ್ದು ಇಷ್ಟೇ: ಬಾಳೆ ಎಲೆ ಹಾಸಿದ ಸ್ಟೀಲ್ ತಟ್ಟೆ, ಅರ್ಧಕ್ಕೆ ಮಡಿಸಿದ ಎರಡು ದೋಸೆ, ಮೇಲೆ ಒಂದು ಬೆಣ್ಣೆ ಉಂಡೆ, ಪಕ್ಕದಲ್ಲಿ ಬಿಳಿ ಆಲೂಗಡ್ಡೆ ಪಲ್ಯ, ಒಂದು ಬಟ್ಟಲು ಕಾಯಿ ಚಟ್ನಿ. ಅಂಚಿನಲ್ಲಿ ನೀರಿನ ಲೋಟ ಅರ್ಧ ಕಾಣುತ್ತಿತ್ತು.

ಬಂದ ಚಿತ್ರ ನೋಡಲು ಚೆನ್ನಾಗಿಯೇ ಇತ್ತು. ಆದರೆ ಪಲ್ಯ ಹಳದಿಯಾಗಿತ್ತು. ಬೆಣ್ಣೆ ಉಂಡೆ ಪನೀರ್ ತುಂಡಿನಂತೆ ಚೌಕವಾಗಿತ್ತು. ಚಟ್ನಿಯ ಮೇಲೆ ಎರಡು ಗೋಡಂಬಿ ಬಂದಿದ್ದವು. ಅರ್ಧ ಕಾಣುತ್ತಿದ್ದ ನೀರಿನ ಲೋಟ ಒಂದು ಬಟ್ಟಲು ಸಾಂಬಾರ್ ಆಗಿತ್ತು. ಬೆಣ್ಣೆ ದೋಸೆಯ ರೂಢಿ ಗೊತ್ತಿದ್ದವರಿಗೆ ಇದು ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಅದರ ಜೊತೆಗೆ ಕೊಡುವುದು ಕಾಯಿ ಚಟ್ನಿ ಮತ್ತು ಅರಿಶಿನ ಹಾಕದ ಪಲ್ಯ, ಸಾಂಬಾರ್ ಅಲ್ಲ. ಮಾಲೀಕರು ಗಮನಿಸದೆ ಅದನ್ನೇ ಪ್ರಿಂಟ್ ಹಾಕಿಸಿದ್ದರೆ "ಚಿತ್ರದಲ್ಲಿರೋ ಸಾಂಬಾರ್ ಎಲ್ಲಿ?" ಎಂಬ ಪ್ರಶ್ನೆಗೆ ದಿನವೂ ಉತ್ತರ ಕೊಡಬೇಕಿತ್ತು.

ಹೀಗೆ ಯಾಕಾಗುತ್ತದೆ?

ಇಂಥ ಬಹಳಷ್ಟು ಆ್ಯಪ್‌ಗಳು ಕೆಲಸ ಮಾಡುವ ಬಗೆ ಹೀಗಿದೆ. ಹಳೆಯ ಟಿವಿಯಲ್ಲಿ ಸಿಗ್ನಲ್ ಹೋದಾಗ ಬರುತ್ತಿದ್ದ ಚುಕ್ಕಿಗಳನ್ನು ನೆನಪಿಸಿಕೊಳ್ಳಿ. ಆ್ಯಪ್ ಮೊದಲು ನಿಮ್ಮ ಫೋಟೋದ ಮೇಲೆ ಅಂಥ ಚುಕ್ಕಿಗಳನ್ನು ಚೆಲ್ಲುತ್ತದೆ. ಆಮೇಲೆ ನೀವು ಬರೆದ ಮಾತುಗಳನ್ನು ಆಧಾರವಾಗಿ ಇಟ್ಟುಕೊಂಡು ಹಂತಹಂತವಾಗಿ ಚುಕ್ಕಿ ತೆಗೆಯುತ್ತಾ ಹೊಸ ಚಿತ್ರ ಕಟ್ಟುತ್ತದೆ.

ಚುಕ್ಕಿಗಳು ಕವಿದಾಗ ದೊಡ್ಡ ಆಕಾರಗಳು ಉಳಿಯುತ್ತವೆ. ತಟ್ಟೆಯ ದುಂಡು, ದೋಸೆಯ ಮಡಿಕೆ, ಬಟ್ಟಲು ಇರುವ ಜಾಗ ತಿಳಿಯುತ್ತದೆ. ಸಣ್ಣ ವಿವರಗಳು ಮುಚ್ಚಿಹೋಗುತ್ತವೆ. ತಿಂಡಿಯಲ್ಲಿ ಏನೇನು ಹಾಕಿದೆ ಎಂದು ಹೇಳುವುದು ಈ ಸಣ್ಣ ವಿವರಗಳೇ: ಸಾಸಿವೆ ಕಾಳು, ಕರಿಬೇವು, ಪಲ್ಯದ ಬಣ್ಣ, ಬೆಣ್ಣೆಯ ಮೆರುಗು. ಕಳೆದುಹೋದ ಜಾಗವನ್ನು ಆ್ಯಪ್ ತಾನು ಕಲಿತ ಲಕ್ಷಾಂತರ ಚಿತ್ರಗಳ ರೂಢಿಯಿಂದ ತುಂಬುತ್ತದೆ. ಆ ಚಿತ್ರಗಳಲ್ಲಿ ದೋಸೆ ಪಕ್ಕದ ಆಲೂಗಡ್ಡೆ ಸಾಮಾನ್ಯವಾಗಿ ಹಳದಿ, ಪಕ್ಕದ ಬಟ್ಟಲು ಸಾಮಾನ್ಯವಾಗಿ ಸಾಂಬಾರ್. ಹಾಗಾಗಿ ಇಲ್ಲೂ ಅದೇ ಬರುತ್ತದೆ. ಆ್ಯಪ್ ನಿಮ್ಮ ಅಡುಗೆಮನೆ ನೋಡಿಲ್ಲ, ಅದಕ್ಕೆ ಗೊತ್ತಿರುವುದು 'ಸಾಮಾನ್ಯವಾಗಿ ಏನಿರುತ್ತದೆ' ಎಂಬುದಷ್ಟೇ.

ಮೊಬೈಲಿನ ಹಳೆಯ ಕಾರ್ಟೂನ್ ಫಿಲ್ಟರ್ ಕೆಲಸ ಮಾಡುವ ರೀತಿ ಬೇರೆ. ಅದು ಇರುವ ಬಣ್ಣಗಳನ್ನೇ ಹರಡಿ, ಅಂಚುಗಳನ್ನು ದಪ್ಪ ಮಾಡುತ್ತದೆ. ಸಾಸಿವೆಯಂಥ ಸಣ್ಣದನ್ನು ಅಳಿಸಿಹಾಕಬಹುದು, ಆದರೆ ಗೋಡಂಬಿ ಹುಟ್ಟಿಸುವುದಿಲ್ಲ.

ನಿಮ್ಮ ಆ್ಯಪ್ ಯಾವ ಬಗೆಯದು ಎಂದು ತಿಳಿಯಲು ಸುಲಭದ ಪರೀಕ್ಷೆ ಇದೆ. ಒಂದೇ ಫೋಟೋವನ್ನು ಮೂರು ಸಲ ಹಾಕಿ. ಮೂರೂ ಸಲ ಒಂದೇ ಚಿತ್ರ ಬಂದರೆ ಅದು ಬಹುಶಃ ಫಿಲ್ಟರ್. ಪ್ರತಿ ಸಲ ಕರಿಬೇವು, ಬಟ್ಟಲು, ಅಲಂಕಾರ ಬೇರೆಬೇರೆ ಆಗುತ್ತಿದ್ದರೆ ಅದು ಹೊಸದಾಗಿ ಬಿಡಿಸುವ ಆ್ಯಪ್.

ಸರಿಯಾಗಿ ಮಾಡಿಸುವುದು ಹೇಗೆ?

ಆ ಮಾಲೀಕರ ಜೊತೆ ಕೂತು ಅದೇ ದೋಸೆಯ ಚಿತ್ರವನ್ನು ಮತ್ತೆ ಮಾಡಿದೆವು. ಈ ಸಲ ಆ್ಯಪ್ ತೆರೆಯುವ ಮೊದಲು ಅಡುಗೆ ಭಟ್ಟರ ಹತ್ತಿರ ಹೋದೆವು. ತಟ್ಟೆಯಲ್ಲಿ ಏನೇನು, ಎಷ್ಟೆಷ್ಟು, ಎಲ್ಲಿ ಇಡುತ್ತಾರೆ ಎಂದು ಕೇಳಿ ಒಂದು ಚೀಟಿಯಲ್ಲಿ ಬರೆದುಕೊಂಡೆವು. ಚಿತ್ರ ಸರಿಯೋ ತಪ್ಪೋ ಎಂದು ಕೊನೆಗೆ ನಿರ್ಧರಿಸುವುದು ಈ ಚೀಟಿ.

ಆಮೇಲೆ ಫೋಟೋ. ಕಿಟಕಿಯ ಬೆಳಕಿನಲ್ಲಿ, ನೇರ ಮೇಲಿನಿಂದ ತೆಗೆದೆವು. ಮೇಲಿನಿಂದ ತೆಗೆದರೆ ಒಂದರ ಹಿಂದೆ ಒಂದು ಮರೆಯಾಗುವುದಿಲ್ಲ, ಎಣಿಕೆ ಮತ್ತು ಜಾಗ ಸ್ಪಷ್ಟವಾಗಿರುತ್ತದೆ. ಲೋಟ, ಬಿಲ್ಲು, ಚಮಚ ಎಲ್ಲವನ್ನೂ ಪಕ್ಕಕ್ಕೆ ಸರಿಸಿದೆವು. ಅರ್ಧ ಕಾಣುವ ವಸ್ತು ಫೋಟೋದಲ್ಲಿದ್ದರೆ ಆ್ಯಪ್ ಅದನ್ನು ಏನಾದರೂ ಒಂದು ತಿನ್ನುವ ವಸ್ತು ಮಾಡಿಬಿಡುತ್ತದೆ. ಮೊದಲ ಸಲದ ಸಾಂಬಾರ್ ಹುಟ್ಟಿದ್ದು ಹಾಗೆ. ಬೆಣ್ಣೆ ಸ್ವಲ್ಪ ಕರಗಿ ಹರಿಯಲು ಶುರುವಾದ ಮೇಲೆ ಫೋಟೋ ತೆಗೆದೆವು. ಗಟ್ಟಿ ಬಿಳಿ ಉಂಡೆ ಪನೀರೂ ಆಗಬಹುದು, ಕರಗುತ್ತಿರುವುದು ಬೆಣ್ಣೆಯೇ ಎಂದು ಸುಲಭವಾಗಿ ಗೊತ್ತಾಗುತ್ತದೆ.

ಬರೆಯುವ ಮಾತಿನಲ್ಲಿ ತಿಂಡಿಯ ಹೆಸರು ಬಿಟ್ಟೆವು. 'ದೋಸೆ' ಎಂದರೆ ಸಾಕು, ಆ್ಯಪ್ ಮಸಾಲೆ ದೋಸೆಯ ಕಡೆ ಜಾರುತ್ತದೆ. ಅದರ ಬದಲು ಕಣ್ಣಿಗೆ ಕಾಣುವುದನ್ನು ಬರೆದೆವು: "ಅರ್ಧಕ್ಕೆ ಮಡಿಸಿದ, ಕಂದು ಬಣ್ಣದ ಎರಡು ದಪ್ಪ ಅಕ್ಕಿ ಹಿಟ್ಟಿನ ರೊಟ್ಟಿ. ಮೇಲೆ ಕರಗುತ್ತಿರುವ ಒಂದು ಬೆಣ್ಣೆ ಉಂಡೆ. ಬಲಕ್ಕೆ ಬಿಳಿ ಬಣ್ಣದ ಬೇಯಿಸಿದ ಆಲೂಗಡ್ಡೆ. ಒಂದೇ ಸ್ಟೀಲ್ ಬಟ್ಟಲು, ಅದರಲ್ಲಿ ಬಿಳಿ ಚಟ್ನಿ. ಸರಳ ಜಲವರ್ಣ ಚಿತ್ರ."

ಇಲ್ಲಿ ಎರಡು ಎಚ್ಚರ ಬೇಕು. "ಗೋಡಂಬಿ ಬೇಡ" ಎಂದು ಬರೆಯಬೇಡಿ. ಇಂಥ ಅನೇಕ ಆ್ಯಪ್‌ಗಳು 'ಬೇಡ' ಎಂಬುದನ್ನು ಬಿಟ್ಟು 'ಗೋಡಂಬಿ' ಎಂಬುದನ್ನು ಹಿಡಿದುಕೊಳ್ಳುತ್ತವೆ. ಬೇಕಾದುದನ್ನು ಮಾತ್ರ ಬರೆಯಿರಿ. ಇನ್ನೊಂದು, 'ರುಚಿಕರ', 'ರಿಚ್', 'ಹಬ್ಬದ' ಎಂಬಂಥ ವಿಶೇಷಣ ಬೇಡ. ಅವು ಕೊತ್ತಂಬರಿ, ನಿಂಬೆ ಹೋಳು, ಡ್ರೈಫ್ರೂಟ್ಸನ್ನು ಜೊತೆಯಲ್ಲೇ ಕರೆತರುತ್ತವೆ.

ಕೆಲವು ಆ್ಯಪ್‌ಗಳಲ್ಲಿ 'ಎಷ್ಟು ಬದಲಾಗಬೇಕು' ಎಂಬ ಪಟ್ಟಿ ಇರುತ್ತದೆ, ಸಾಮಾನ್ಯವಾಗಿ 0ಯಿಂದ 1ರವರೆಗೆ. 0.7ರ ಹತ್ತಿರ ಚಿತ್ರ ಚಂದ ಕಾಣುತ್ತದೆ, ಆದರೆ ಸಣ್ಣ ವಿವರಗಳು ಬದಲಾಗಿರುತ್ತವೆ. 0.3ರ ಹತ್ತಿರ ಫೋಟೋಗೆ ತುಸು ಬಣ್ಣ ಹಚ್ಚಿದಂತೆ ಇರುತ್ತದೆ. ಈ ಅಂಕಿಗಳು ಎಲ್ಲ ಆ್ಯಪ್‌ಗಳಲ್ಲೂ ಒಂದೇ ರೀತಿ ವರ್ತಿಸುವುದಿಲ್ಲ. ಆದ್ದರಿಂದ ಕೆಳಗಿನಿಂದ ಶುರು ಮಾಡಿ, ಸ್ವಲ್ಪಸ್ವಲ್ಪವೇ ಏರಿಸಿ, ಚೀಟಿಗೂ ಚಿತ್ರಕ್ಕೂ ಹೊಂದದ ಮೊದಲ ಹಂತದಲ್ಲಿ ನಿಲ್ಲಿಸಿ ಒಂದು ಹೆಜ್ಜೆ ಹಿಂದೆ ಬನ್ನಿ. ನಾವು ಹಾಗೇ ಮಾಡಿದೆವು.

ಸರಿಯಾಗಿದೆ ಎಂದು ಗೊತ್ತಾಗುವುದು ಹೇಗೆ?

ಚಿತ್ರ ಮಾಡಿಸಿದವರ ಕಣ್ಣಿಗೆ ತಪ್ಪು ಕಾಣುವುದಿಲ್ಲ, ಏಕೆಂದರೆ ಅಲ್ಲಿ ಏನಿರಬೇಕೆಂದು ಅವರಿಗೆ ಮೊದಲೇ ಗೊತ್ತಿರುತ್ತದೆ. ಫೋಟೋ ನೋಡದ ಒಬ್ಬರಿಗೆ ಚಿತ್ರ ಮಾತ್ರ ತೋರಿಸಿ "ಇದರಲ್ಲಿ ಏನೇನಿದೆ ಹೇಳಿ" ಎಂದು ಕೇಳಿ. ಅವರು ಹೇಳಿದ್ದನ್ನು ಭಟ್ಟರ ಚೀಟಿಯ ಜೊತೆ ಹೋಲಿಸಿ. ಚೀಟಿಯಲ್ಲಿ ಇಲ್ಲದ್ದನ್ನು ಹೇಳಿದರೆ ಸೇರ್ಪಡೆ ಆಗಿದೆ, ಇರುವುದನ್ನು ಹೇಳದಿದ್ದರೆ ಕಳೆದುಹೋಗಿದೆ.

ಒಂದು ತಪ್ಪು ಸಿಕ್ಕಿತೆಂದು ಇಡೀ ಚಿತ್ರವನ್ನು ಮತ್ತೆ ಮಾಡಿಸಬೇಡಿ. ಆ ತಪ್ಪು ಹೋಗಿ ಇನ್ನೊಂದು ಬರುತ್ತದೆ. ತಪ್ಪಿದ ಜಾಗವನ್ನಷ್ಟೇ ಬೆರಳಿನಿಂದ ಗುರುತಿಸಿ ತಿದ್ದುವ ಸೌಲಭ್ಯ ಅನೇಕ ಆ್ಯಪ್‌ಗಳಲ್ಲಿದೆ. ನಮ್ಮ ಎರಡನೇ ಚಿತ್ರದಲ್ಲಿ ಪಲ್ಯದ ಮೇಲೆ ಹಸಿರು ಬಟಾಣಿಯಂಥವು ಬಂದಿದ್ದವು. ಅಷ್ಟನ್ನೇ ತಿದ್ದಿದೆವು. ಪದೇ ಪದೇ ತಪ್ಪುತ್ತಿದ್ದರೆ ಡ್ರಾಯಿಂಗ್ ಆ್ಯಪ್‌ನಲ್ಲಿ ಫೋಟೋವನ್ನು ಮಸುಕಾಗಿ ಕೆಳಗಿಟ್ಟು, ಮೇಲಿನ ಪದರದಲ್ಲಿ ಕೈಯಿಂದಲೇ ಗೆರೆ ಎಳೆದು ಬಣ್ಣ ತುಂಬುವುದು ಒಳ್ಳೆಯದು. ಸಮಯ ಹಿಡಿಯುತ್ತದೆ, ಆದರೆ ನೀವು ಬಿಡಿಸದ ಗೋಡಂಬಿ ಅಲ್ಲಿ ಬರುವುದಿಲ್ಲ.

ಒಂದು ಗೋಡಂಬಿಗೆ ಇಷ್ಟೆಲ್ಲ ಯಾಕೆ?

ಕಡಲೆಕಾಯಿ, ಗೋಡಂಬಿಯ ಅಲರ್ಜಿ ಇರುವವರಿಗೆ ಇದು ಅಂದಚಂದದ ಮಾತಲ್ಲ. ಕೆಲವರಿಗೆ ಸ್ವಲ್ಪ ತಿಂದರೂ ಉಸಿರಾಟಕ್ಕೆ ತೊಂದರೆಯಾಗಿ ಪ್ರಾಣಾಪಾಯ ಆಗಬಹುದು. ಇಲ್ಲದ ಗೋಡಂಬಿ ಚಿತ್ರದಲ್ಲಿದ್ದರೆ ಅಂಥವರು ಆ ತಿಂಡಿ ಬಿಟ್ಟುಬಿಡುತ್ತಾರೆ, ಹೋಟೆಲಿಗೆ ಒಂದು ವ್ಯಾಪಾರ ಹೋಗುತ್ತದೆ. ಆದರೆ ಉಪ್ಪಿಟ್ಟಿನಲ್ಲಿ ನಿಜವಾಗಿ ಇರುವ ಗೋಡಂಬಿ ಚಿತ್ರದಲ್ಲಿ ಅಳಿದುಹೋದರೆ ಅವರು ಧೈರ್ಯದಿಂದ ತಿನ್ನಬಹುದು. ಆದ್ದರಿಂದ ಸೇರ್ಪಡೆಗಿಂತ ಅಳಿಸಿಹೋದದ್ದನ್ನು ಹೆಚ್ಚು ಎಚ್ಚರದಿಂದ ಹುಡುಕಿ.

ಎಷ್ಟೇ ಸರಿಯಾದ ಚಿತ್ರಕ್ಕೂ ಒಂದು ಮಿತಿ ಇದೆ. ಚಟ್ನಿಗೆ ಶೇಂಗಾ ರುಬ್ಬಿ ಹಾಕಿದ್ದರೆ ಅದು ಫೋಟೋದಲ್ಲೂ ಕಾಣದು, ಚಿತ್ರದಲ್ಲೂ ಕಾಣದು. ಅದನ್ನು ಅಕ್ಷರದಲ್ಲೇ ಬರೆಯಬೇಕು. ಎಫ್‌ಎಸ್‌ಎಸ್‌ಎಐನ 2020ರ ಲೇಬಲಿಂಗ್ ಮತ್ತು ಪ್ರದರ್ಶನ ನಿಯಮಗಳು ಕೇಂದ್ರ ಪರವಾನಗಿ ಇರುವ ಅಥವಾ 10 ಇಲ್ಲವೇ ಹೆಚ್ಚು ಕಡೆ ಶಾಖೆ ಇರುವ ಹೋಟೆಲ್‌ಗಳಿಗೆ ಅಲರ್ಜಿ ತರುವ ಪದಾರ್ಥಗಳ ಮಾಹಿತಿಯನ್ನೂ ಗ್ರಾಹಕರಿಗೆ ತಿಳಿಸುವ ಹೊಣೆ ಹೊರಿಸಿವೆ. ಹಾಲು, ಮೊಟ್ಟೆ, ಗೋಧಿ, ಸೋಯಾ, ಕಡಲೆಕಾಯಿ, ಗೋಡಂಬಿಯಂಥ ಬೀಜಗಳು ಆ ಪಟ್ಟಿಯಲ್ಲಿವೆ. ಸಣ್ಣ ಹೋಟೆಲಿನವರೂ ಚಿತ್ರದ ಕೆಳಗೆ "ಹಾಲಿನ ಅಂಶ ಇದೆ, ಚಟ್ನಿಯಲ್ಲಿ ಶೇಂಗಾ ಇದೆ" ಎಂದು ಒಂದು ಸಾಲು ಹಾಕುವುದಕ್ಕೆ ಏನೂ ಖರ್ಚಿಲ್ಲ.

ಹಾಗಾದರೆ ಆ ಮೆಸೇಜ್ ನಿಜವೋ ಸುಳ್ಳೋ?

ಒಂದು ನಿಮಿಷದಲ್ಲಿ ಚಿತ್ರ ಬರುತ್ತದೆ, ಅದು ನಿಜ. ತಿಂಡಿ ಹಾಗೇ ಇರುತ್ತದೆ ಎಂಬುದಕ್ಕೆ ಖಾತರಿ ಇಲ್ಲ. ಮೆಸೇಜನ್ನು ಹೋಟೆಲ್ ನಡೆಸುವ ಸ್ನೇಹಿತರಿಗೆ ಕಳಿಸುವುದಾದರೆ ಜೊತೆಗೆ ಒಂದು ಸಾಲು ಸೇರಿಸಿ: "ಪ್ರಿಂಟ್ ಹಾಕಿಸುವ ಮೊದಲು ಚಿತ್ರವನ್ನು ಅಡುಗೆ ಭಟ್ಟರಿಗೆ ತೋರಿಸಿ." ನೀವು ಗ್ರಾಹಕರಾಗಿದ್ದು, ನಿಮಗೋ ಮನೆಯವರಿಗೋ ಅಲರ್ಜಿ ಇದ್ದರೆ, ಮೆನು ಕಾರ್ಡಿನ ಚಿತ್ರ ನಂಬಿ ಆರ್ಡರ್ ಮಾಡಬೇಡಿ, ಬಾಯಿಬಿಟ್ಟು ಕೇಳಿ.